ಕೊಡಗಿನ ಕಾಫಿ ಘಟಕಕ್ಕೆ ಇಬ್ಬರ ಜಂಟಿ ಉದ್ಯಮ: 50:50, 51:49, 74:26ರಲ್ಲಿ ಯಾವುದು ಸರಿ?

ಸುಂಟಿಕೊಪ್ಪದ ಕಡೆ ತೋಟವಿರುವ ಒಂದು ಸಂಸ್ಥೆ, ಬೆಂಗಳೂರಿನಲ್ಲಿ ಕಾಫಿ ಹುರಿದು ಮಾರುವ ಒಂದು ಕಂಪನಿ. ಇಬ್ಬರೂ ಸೇರಿ ಕ್ಯೂರಿಂಗ್ ಮತ್ತು ರೋಸ್ಟಿಂಗ್ ಘಟಕ ಹಾಕಲು ಹೊರಟಿದ್ದಾರೆ ಅಂದುಕೊಳ್ಳಿ. ಘಟಕಕ್ಕೆ ಬೇಕಾದದ್ದು 5 ಕೋಟಿ ರೂಪಾಯಿ. ಬ್ಯಾಂಕ್ 2 ಕೋಟಿ ಕೊಡುತ್ತದೆ, ಉಳಿದ 3 ಕೋಟಿ ಇವರದ್ದು. ತೋಟದವರ ಕೈಯಲ್ಲಿ 1 ಕೋಟಿ ನಗದು ಇದೆ. ಅದಲ್ಲದೆ ಭೂ ಪರಿವರ್ತನೆ ಆಗಿರುವ ಒಂದು ಎಕರೆ ಜಾಗವಿದ್ದು, ಅದಕ್ಕೆ ಮೌಲ್ಯಮಾಪಕರು 1 ಕೋಟಿ ಬೆಲೆ ಕಟ್ಟಿದ್ದಾರೆ. ಬೆಂಗಳೂರಿನವರ ಬಳಿ 2 ಕೋಟಿ ನಗದಿದೆ. ಲೆಕ್ಕ ತೋರಿಸಲು ನಾವೇ ಕಟ್ಟಿಕೊಂಡ ಉದಾಹರಣೆ ಇದು, ಆದರೆ ಕೊಡಗಿನಲ್ಲಿ ಕೂಡುವ ಜಂಟಿ ಉದ್ಯಮಗಳ ಸ್ವರೂಪ ಹೆಚ್ಚುಕಡಿಮೆ ಹೀಗೇ ಇರುತ್ತದೆ: ಒಬ್ಬರದ್ದು ಜಾಗ ಮತ್ತು ಬೆಳೆ, ಇನ್ನೊಬ್ಬರದ್ದು ದುಡ್ಡು ಮತ್ತು ಮಾರುಕಟ್ಟೆ.

ಇಂಥ ಒಪ್ಪಂದದಲ್ಲಿ ನಾಲ್ಕು ವಿಷಯ ಇತ್ಯರ್ಥವಾಗಬೇಕು. ಬಂಡವಾಳ ಯಾರು ಎಷ್ಟು ಹಾಕುತ್ತಾರೆ, ಹಿಡಿತ ಯಾರದ್ದು, ಕಗ್ಗಂಟಾದರೆ ಬಿಡಿಸುವುದು ಹೇಗೆ, ಹೊರಬರುವುದು ಹೇಗೆ. ಜನ ಇದೇ ಕ್ರಮದಲ್ಲಿ ಮಾತುಕತೆ ಶುರು ಮಾಡುತ್ತಾರೆ. ಕೊನೆಯ ಎರಡು ವಿಷಯಕ್ಕೆ ಬರುವಷ್ಟರಲ್ಲಿ ಎಲ್ಲರಿಗೂ ಸಾಕಾಗಿರುತ್ತದೆ, ಬೇರೆ ಯಾವುದೋ ಒಪ್ಪಂದದ ಪುಟಗಳನ್ನು ಎತ್ತಿ ಅಂಟಿಸಿ ಸಹಿ ಹಾಕಿಬಿಡುತ್ತಾರೆ. ಆದರೆ ನೀವು ಹಾಕುವ ಬಂಡವಾಳ ಷೇರಿನ ರೂಪದಲ್ಲಿರಬೇಕೋ ಸಾಲದ ರೂಪದಲ್ಲಿರಬೇಕೋ ಎನ್ನುವುದು, ಮುಂದೆ ಬೇರೆಯಾಗುವ ದಿನ ಯಾರು ಯಾರಿಗೆ ಎಷ್ಟು ದುಡ್ಡು ಎಣಿಸಬೇಕು ಎನ್ನುವುದರ ಮೇಲೆ ನಿಂತಿದೆ. ಆದ್ದರಿಂದ ಇಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಹೊರಬರುವ ದಿನದ ಕಡೆಯಿಂದ ನೋಡಿ ಹೋಲಿಸಿದ್ದೇವೆ.

ಮೊದಲು: ಪಾಲುದಾರಿಕೆ, ಎಲ್‌ಎಲ್‌ಪಿ, ಪ್ರೈವೇಟ್ ಲಿಮಿಟೆಡ್

ಇದನ್ನು ಬೇಗ ಮುಗಿಸಬಹುದು. 1932ರ ಕಾಯ್ದೆಯ ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲಕ್ಕೆ ಪಾಲುದಾರರ ಸ್ವಂತ ಆಸ್ತಿಯೂ ಹೊಣೆ. ಅವಧಿ ಬರೆಯದೆ ಬಿಟ್ಟರೆ ಯಾರು ಬೇಕಾದರೂ ಒಂದು ನೋಟಿಸ್ ಕೊಟ್ಟು ಪಾಲುದಾರಿಕೆಯನ್ನೇ ವಿಸರ್ಜಿಸಬಹುದು. ಬ್ಯಾಂಕ್ ಸಾಲ, ಯಂತ್ರ, ನೌಕರರು ಇರುವ ಘಟಕಕ್ಕೆ ಇದು ಒಗ್ಗದು.

ಸೀಮಿತ ಹೊಣೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿಯಲ್ಲಿ ಖರ್ಚು, ಕಾಗದಪತ್ರ ಎರಡೂ ಕಡಿಮೆ. ಲಾಭ ಹಂಚಿಕೆಯೂ ಸರಳ: ಎಲ್‌ಎಲ್‌ಪಿ ಒಮ್ಮೆ ತೆರಿಗೆ ಕಟ್ಟಿದ ಮೇಲೆ ಪಾಲುದಾರರ ಕೈಗೆ ಬರುವ ಲಾಭದ ಪಾಲಿಗೆ ಮತ್ತೆ ತೆರಿಗೆಯಿಲ್ಲ. ಎಚ್ಚರ ವಹಿಸಬೇಕಾದದ್ದು ಎಲ್‌ಎಲ್‌ಪಿ ಕಾಯ್ದೆಯ ಮೊದಲನೇ ಅನುಸೂಚಿಯ ಬಗ್ಗೆ. ನಿಮ್ಮ ಒಪ್ಪಂದ ಯಾವ ವಿಷಯದಲ್ಲಿ ಮೌನವಾಗಿದೆಯೋ ಅಲ್ಲಿ ಆ ಅನುಸೂಚಿ ಬಂದು ಕೂರುತ್ತದೆ. ಅದರ ಪ್ರಕಾರ ಯಾರು ಎಷ್ಟೇ ಹಾಕಿದ್ದರೂ ಲಾಭ ಸಮಪಾಲು, ಮತವೂ ತಲೆಗೊಂದು.

ಕೊಡಗಿನವರು ಎಡವುವುದು ಇನ್ನೊಂದು ಕಡೆ. ಎಲ್‌ಎಲ್‌ಪಿಯಲ್ಲಿ ಪಾಲುದಾರರಾಗಬಹುದಾದದ್ದು ವ್ಯಕ್ತಿಗಳು ಅಥವಾ ಕಂಪನಿಯಂಥ ಕಾಯಸಂಸ್ಥೆಗಳು ಮಾತ್ರ. ಸಾಮಾನ್ಯ ಪಾಲುದಾರಿಕೆ ಸಂಸ್ಥೆಗೆ ಅಲ್ಲಿ ಪ್ರವೇಶವಿಲ್ಲ, ಹಿಂದೂ ಅವಿಭಕ್ತ ಕುಟುಂಬಕ್ಕೂ ಇಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲೂ ಪಾಲುದಾರಿಕೆ ಸಂಸ್ಥೆ ತನ್ನ ಹೆಸರಿನಲ್ಲಿ ಷೇರು ಹಿಡಿಯಲಾಗದು, ಷೇರು ಪಾಲುದಾರರ ವೈಯಕ್ತಿಕ ಹೆಸರಿಗೆ ಹೋಗುತ್ತದೆ. ತೋಟದ ಸಂಸ್ಥೆ ಅಣ್ಣತಮ್ಮಂದಿರ ಪಾಲುದಾರಿಕೆಯಾಗಿದ್ದರೆ, ನಾಳೆ ಒಬ್ಬರು ತೀರಿಕೊಂಡಾಗ ಅವರ ಷೇರು ವಾರಸುದಾರರಿಗೆ ಹೋಗುತ್ತದೆ, ಸಂಸ್ಥೆಯಲ್ಲಿ ಉಳಿಯುವುದಿಲ್ಲ. ಇದಕ್ಕೆ ಮದ್ದು ಸುಲಭ: ತೋಟದವರು ಮೊದಲು ತಮ್ಮದೇ ಒಂದು ಎಲ್‌ಎಲ್‌ಪಿ ಮಾಡಿಕೊಂಡು, ಅದರ ಮೂಲಕ ಜಂಟಿ ಕಂಪನಿಯ ಷೇರು ಹಿಡಿಯಬೇಕು. ಕುಟುಂಬದೊಳಗಿನ ಬದಲಾವಣೆಗಳೆಲ್ಲ ಆಗ ಆ ಎಲ್‌ಎಲ್‌ಪಿಯೊಳಗೇ ನಡೆಯುತ್ತವೆ, ಘಟಕದ ಷೇರುಪಟ್ಟಿಗೆ ತಾಗುವುದಿಲ್ಲ.

ಹಿಡಿತ, ಕಗ್ಗಂಟು, ಹೊರನಡೆ ಮೂರನ್ನೂ ನಿಖರವಾಗಿ ಬರೆಯಬೇಕೆಂದರೆ ಪ್ರೈವೇಟ್ ಲಿಮಿಟೆಡ್ ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ. ಮುಂದಿನದೆಲ್ಲ ಅದನ್ನು ಹಿಡಿದೇ.

ಬಂಡವಾಳ: ಜಾಗವನ್ನು ಕಂಪನಿಗೆ ಬರೆದುಕೊಡಬೇಕೇ?

ನಮ್ಮ ಉದಾಹರಣೆಯಲ್ಲಿ ಮೂರು ದಾರಿಗಳಿವೆ.

ಮೊದಲನೆಯದು ಎಲ್ಲರಿಗೂ ತಟ್ಟನೆ ಹೊಳೆಯುವಂಥದ್ದು. ತೋಟದವರು 1 ಕೋಟಿ ನಗದು ಮತ್ತು 1 ಕೋಟಿಯ ಜಾಗ ಹಾಕುತ್ತಾರೆ, ಬೆಂಗಳೂರಿನವರು 2 ಕೋಟಿ ನಗದು. ಎರಡೆರಡು ಕೋಟಿ, 50:50. ಕಾಗದದ ಮೇಲೆ ಅಂದವಾಗಿ ಕಾಣುತ್ತದೆ. ಆದರೆ ಜಾಗ ಕಂಪನಿಯ ಹೆಸರಿಗೆ ಹೋಗಲು ನೋಂದಾಯಿತ ಪತ್ರ ಬೇಕು, ಮುದ್ರಾಂಕ ಶುಲ್ಕ ಬೀಳುತ್ತದೆ, ತೋಟದವರಿಗೆ ಬಂಡವಾಳ ಲಾಭದ ತೆರಿಗೆಯೂ ಬರಬಹುದು. ಒಂದು ರೂಪಾಯಿ ನಗದು ಕೈಗೆ ಬಂದಿರುವುದಿಲ್ಲ, ತೆರಿಗೆ ಮಾತ್ರ ಕೈಯಿಂದ ಹೋಗುತ್ತದೆ. ಜಾಗ ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಮೂಲದ್ದಾಗಿದ್ದರೆ ಪಹಣಿಯಲ್ಲಿ ಪಟ್ಟೇದಾರರ ಹೆಸರು, ಅದರ ಹಿಂದೆ ಒಕ್ಕ ಎಂಬ ಕೂಡುಕುಟುಂಬದ ಹತ್ತಾರು ಹಕ್ಕುದಾರರು. ಅವರಲ್ಲಿ ಒಬ್ಬರು ಸಹಿ ಹಾಕದಿದ್ದರೂ ಕಂಪನಿಯ ಹಕ್ಕಿನಲ್ಲಿ ಬಿರುಕು ಉಳಿಯುತ್ತದೆ, ಬ್ಯಾಂಕಿನ ವಕೀಲರು ಅಡಮಾನಕ್ಕೆ ಒಪ್ಪುವುದಿಲ್ಲ. ಇಷ್ಟೆಲ್ಲ ದಾಟಿದರೂ ನಿಜವಾದ ಅಪಾಯ ಮುಂದಿದೆ: ಬೇರೆಯಾಗುವ ದಿನ ಬೆಂಗಳೂರಿನವರು ಕಂಪನಿಯನ್ನು ಕೊಂಡರೆ ತೋಟದ ಅಂಚಿನ ಆ ಒಂದು ಎಕರೆಯೂ ಅವರೊಂದಿಗೆ ಹೋಗುತ್ತದೆ.

ಎರಡನೆಯದು, ಜಾಗವನ್ನು ಹೊರಗಿಟ್ಟು ನಗದನ್ನಷ್ಟೇ ಲೆಕ್ಕ ಹಿಡಿಯುವುದು. ಆಗ 1 ಕೋಟಿಗೆ 2 ಕೋಟಿ, ಅಂದರೆ ತೋಟದವರದು ಶೇ 33. ಲೆಕ್ಕ ಸ್ವಚ್ಛ, ಆದರೆ ಬೆಳೆ ಕೊಡುವವರ ಹಿಡಿತ ತಪ್ಪುತ್ತದೆ.

ಮೂರನೆಯದು ನಮಗೆ ಹೆಚ್ಚು ಸರಿ ಕಾಣುವ ದಾರಿ. ಇಬ್ಬರೂ ತಲಾ 1 ಕೋಟಿಯನ್ನು ಷೇರಿಗೆ ಹಾಕಿ 50:50 ಆಗುತ್ತಾರೆ. ಬೆಂಗಳೂರಿನವರ ಇನ್ನೊಂದು ಕೋಟಿ ಬಡ್ಡಿ ಸಹಿತ ಸಾಲವಾಗಿ ಬರುತ್ತದೆ. ಜಾಗವನ್ನು 15 ವರ್ಷದ ನೋಂದಾಯಿತ ಗುತ್ತಿಗೆಗೆ ಕೊಟ್ಟು ತೋಟದವರು ಬಾಡಿಗೆ ಪಡೆಯುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, ಬಿಳಿ ಹಾಳೆಯ ಕರಾರು ನಡೆಯದು. ಸಾಲ ಕೊಡುವವರು ಯಾರು ಎನ್ನುವುದನ್ನೂ ಗಮನಿಸಿ. ಒಂದು ಕಂಪನಿ ಇನ್ನೊಂದು ಕಂಪನಿಗೆ ಕೊಟ್ಟ ಸಾಲವನ್ನು ಕಂಪನಿ ಕಾಯ್ದೆ ಠೇವಣಿ ಎಂದು ಎಣಿಸುವುದಿಲ್ಲ. ಅದೇ ಸಾಲ ಪಾಲುದಾರಿಕೆ ಸಂಸ್ಥೆಯಿಂದ ಬಂದರೆ ಠೇವಣಿ ನಿಯಮಗಳ ತೊಡಕು ಶುರುವಾಗುತ್ತದೆ.

ಈ ಮೂರನೇ ದಾರಿಗೂ ಒಂದು ಬೆಲೆಯಿದೆ. ಅದು ಕಾಣಿಸುವುದು ಕಗ್ಗಂಟಿನ ಭಾಗದಲ್ಲಿ, ಅಲ್ಲಿ ಹೇಳುತ್ತೇವೆ.

ಎರಡನೇ ಕಂತು ಬಾರದಿದ್ದರೆ

ಮೊದಲ ದುಡ್ಡನ್ನು ಎಲ್ಲರೂ ಹಾಕುತ್ತಾರೆ. ಕರಾರಿನ ಪರೀಕ್ಷೆ ಆಗುವುದು ಇನ್ನಷ್ಟು ಬಂಡವಾಳ ಹಾಕಿ ಎಂಬ ಎರಡನೇ ಕರೆಯಲ್ಲಿ. ಎರಡನೇ ವರ್ಷ ಕಲರ್ ಸಾರ್ಟರ್ ಮತ್ತು ಕಣದ ವಿಸ್ತರಣೆಗೆ 60 ಲಕ್ಷ ಬೇಕು, ತಲಾ 30 ಎಂದು ಬೋರ್ಡ್ ತೀರ್ಮಾನಿಸಿತು ಅನ್ನೋಣ. ಕೊಡಗಿನಲ್ಲಿ ಈ ಕರೆಯ ತಿಂಗಳು ಮುಖ್ಯ. ಅರೇಬಿಕಾ ನವೆಂಬರ್‌ನಲ್ಲಿ, ರೊಬಸ್ಟಾ ಡಿಸೆಂಬರ್ ಕೊನೆಯಿಂದ ಕೊಯ್ಲಿಗೆ ಬರುತ್ತದೆ. ಅಲ್ಲಿಂದ ಮಾರ್ಚ್‌ವರೆಗೆ ತೋಟದವರ ದುಡ್ಡೆಲ್ಲ ಕೊಯ್ಲಿನ ಕೂಲಿಗೆ ಹೋಗುತ್ತಿರುತ್ತದೆ, ಮಾರಿದ ಹಣ ಇನ್ನೂ ಬಂದಿರುವುದಿಲ್ಲ. ಜನವರಿಯಲ್ಲಿ ಕರೆ ಕೊಟ್ಟರೆ ತೋಟದವರು ತಪ್ಪಿಸುವುದು ಬಹುತೇಕ ಖಚಿತ. ಆದ್ದರಿಂದ ಕರಾರಿನಲ್ಲೇ ಬರೆಯಿರಿ: ಬಂಡವಾಳದ ಕರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ, ಹಣ ಕಟ್ಟಲು 45 ದಿನ. ಆಗ ಯಂತ್ರವೂ ಕೊಯ್ಲಿಗೆ ಮೊದಲೇ ಬಂದು ಕೂರುತ್ತದೆ.

ಕಟ್ಟದಿದ್ದರೆ ಏನು? ಮೊದಲ ಆಯ್ಕೆ, ಇನ್ನೊಬ್ಬರು ಆ 30 ಲಕ್ಷವನ್ನು ಹೆಚ್ಚಿನ ಬಡ್ಡಿಯ ಸಾಲವಾಗಿ ತುಂಬಿ, ತಪ್ಪಿದವರಿಗೆ 90 ದಿನದ ಅವಕಾಶ ಕೊಡುವುದು. ಎರಡನೆಯದು, ಷೇರು ಕೊಟ್ಟು ಪಾಲು ಇಳಿಸುವುದು. ಮೊದಲು ಒಂದು, ಅದಕ್ಕೂ ಬಗ್ಗದಿದ್ದರೆ ಇನ್ನೊಂದು ಎಂದು ಎರಡನ್ನೂ ಸರದಿಯಲ್ಲಿ ಇಡುವುದು ಒಳ್ಳೆಯದು.

ಪಾಲು ಇಳಿಯುವ ಲೆಕ್ಕ ನೋಡಿ. ಶುರುವಿನಲ್ಲಿ ತಲಾ 1 ಕೋಟಿಗೆ, 100 ರೂಪಾಯಿಯಂತೆ ತಲಾ 1 ಲಕ್ಷ ಷೇರು ಕೊಟ್ಟಿದ್ದೇವೆ. ಬೆಂಗಳೂರಿನವರು ತಮ್ಮ 30 ಲಕ್ಷಕ್ಕೆ ಅದೇ 100ರ ದರದಲ್ಲಿ 30,000 ಷೇರು ಪಡೆಯುತ್ತಾರೆ. ತೋಟದವರು ತಪ್ಪಿಸಿದ 30 ಲಕ್ಷವನ್ನೂ ತಾವೇ ತುಂಬಿದ್ದಕ್ಕೆ ಅವರಿಗೆ ಶೇ 25ರ ರಿಯಾಯಿತಿಯಲ್ಲಿ, ಅಂದರೆ 75 ರೂಪಾಯಿಯಂತೆ, 40,000 ಷೇರು ಸಿಗುತ್ತದೆ. ಈಗ ಬೆಂಗಳೂರಿನವರದ್ದು 1,70,000, ತೋಟದವರದ್ದು 1,00,000. ತೋಟದವರ ಪಾಲು ಶೇ 50ರಿಂದ ಶೇ 37ಕ್ಕೆ ಇಳಿಯಿತು. ರಿಯಾಯಿತಿ ಇಲ್ಲದಿದ್ದರೂ ಅದು ಶೇ 38.5ಕ್ಕೆ ಇಳಿಯುತ್ತಿತ್ತು. ನೋವು ರಿಯಾಯಿತಿಯಿಂದ ಆದದ್ದಲ್ಲ, 50 ಎಂಬ ಗೆರೆ ದಾಟಿದ್ದರಿಂದ ಆದದ್ದು. ಹಾಗಾಗಿ ರಿಯಾಯಿತಿ ಎಷ್ಟು ಎಂದು ಎಳೆದಾಡುವ ಬದಲು, ಪಾಲು ಇಳಿದ ಮೇಲೂ ಯಾವ ಹಕ್ಕುಗಳು ಉಳಿಯುತ್ತವೆ ಎನ್ನುವುದಕ್ಕೆ ಪಟ್ಟು ಹಿಡಿಯಿರಿ. ಉದಾಹರಣೆಗೆ, ಶೇ 26ರವರೆಗೆ ತಡೆಹಕ್ಕಿನ ಪಟ್ಟಿ, ಅಂದರೆ ಅವರ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲದ ವಿಷಯಗಳ ಪಟ್ಟಿ, ಪೂರ್ತಿ ಉಳಿಯುವುದು, ಅದರ ಕೆಳಗೆ ಮೊಟಕಾಗುವುದು, ಶೇ 10ಕ್ಕಿಂತ ಕಡಿಮೆಯಾದರೆ ನಿಲ್ಲುವುದು.

ಇಲ್ಲೊಂದು ತಾಂತ್ರಿಕ ಬಲೆಯಿದೆ. ಷೇರನ್ನು ಮುಖಬೆಲೆಗಿಂತ ಕಡಿಮೆಗೆ ಕೊಡುವುದನ್ನು ಕಂಪನಿ ಕಾಯ್ದೆಯ 53ನೇ ಕಲಂ ನಿಷೇಧಿಸುತ್ತದೆ. 10 ರೂಪಾಯಿ ಮುಖಬೆಲೆಯ ಷೇರನ್ನು ಶುರುವಿನಲ್ಲಿ 10 ರೂಪಾಯಿಗೇ ಕೊಟ್ಟಿದ್ದರೆ ಮುಂದೆ ರಿಯಾಯಿತಿ ಕೊಡಲು ಜಾಗವೇ ಇರುವುದಿಲ್ಲ, ಕರಾರಿನ ಆ ಷರತ್ತು ಸತ್ತಂತೆ. ಮೇಲಿನ ಲೆಕ್ಕ ನಡೆಯುವುದು ಮುಖಬೆಲೆ 10 ಇಟ್ಟು 90 ಪ್ರೀಮಿಯಂ ಸೇರಿಸಿ ಶುರು ಮಾಡಿದರೆ ಮಾತ್ರ.

ತೋಟದವರು ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು. ಅವರು ಕೊಟ್ಟ ಕಾಫಿ ಹಣ್ಣಿಗೆ, ಅಂದರೆ ಚೆರಿಗೆ, ಕಂಪನಿಯೇ 40 ಲಕ್ಷ ಬಾಕಿ ಇಟ್ಟುಕೊಂಡು, ಅವರಿಂದ 30 ಲಕ್ಷ ಬಂಡವಾಳ ಕೇಳುವ ಪರಿಸ್ಥಿತಿ ಬಂದೇ ಬರುತ್ತದೆ. ಅವಧಿ ಮೀರಿದ ಬಾಕಿಯನ್ನು ಕರೆಯ ಹಣಕ್ಕೆ ವಜಾ ಹಾಕಿಕೊಳ್ಳಬಹುದು ಎಂದು ಬರೆದಿರದಿದ್ದರೆ, ಸಾಲಗಾರ ಕಂಪನಿಯ ಮುಂದೆ ತೋಟದವರೇ ತಪ್ಪಿತಸ್ಥರಾಗಿ ನಿಲ್ಲುತ್ತಾರೆ.

ಹಿಡಿತ: ಮೂರು ಅನುಪಾತ

50:50ರಲ್ಲಿ ಇಬ್ಬರಿಗೂ ತಡೆಹಿಡಿಯುವ ಶಕ್ತಿಯಿದೆ, ಮುಂದೆ ತಳ್ಳುವ ಶಕ್ತಿ ಯಾರಿಗೂ ಇಲ್ಲ. ಇಬ್ಬಿಬ್ಬರು ನಿರ್ದೇಶಕರು ಎಂದಾಯಿತು, ಸಮಬಲ ಎಂದುಕೊಂಡು ಸುಮ್ಮನಾಗಬೇಡಿ. ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್ ಬರೆಯುವಾಗ ಹೆಚ್ಚಿನವರು ಕಾಯ್ದೆಯ ಮಾದರಿಯಾದ ಟೇಬಲ್ ಎಫ್ ಅನ್ನು ಹಾಗೇ ಎತ್ತಿಕೊಳ್ಳುತ್ತಾರೆ. ಅದರಲ್ಲಿ ಬೋರ್ಡ್‌ನಲ್ಲಿ ಮತ ಸಮವಾದರೆ ಅಧ್ಯಕ್ಷರಿಗೆ ನಿರ್ಣಾಯಕ ಮತ ಇದೆ. ಅಧ್ಯಕ್ಷ ಸ್ಥಾನವನ್ನು ಮರ್ಯಾದೆಗೆಂದು ಒಂದು ಪಕ್ಷಕ್ಕೆ ಬಿಟ್ಟುಕೊಟ್ಟ ದಿನವೇ 50:50 ಮುಗಿದಿರುತ್ತದೆ. ನಿರ್ಣಾಯಕ ಮತ ಇಲ್ಲ ಎಂದು ಆರ್ಟಿಕಲ್ಸ್‌ನಲ್ಲಿ ಬರೆಸಿ.

51:49ರಲ್ಲಿ ಆ ಒಂದು ಶೇಕಡಾ ಬಹಳ ಭಾರವಾದದ್ದು. ಸಾಮಾನ್ಯ ನಿರ್ಣಯಕ್ಕೆ ಬೇಕಾದದ್ದು ಅರ್ಧಕ್ಕಿಂತ ಹೆಚ್ಚು ಮತ. ನಿರ್ದೇಶಕರ ನೇಮಕ, ಡಿವಿಡೆಂಡ್, ಲೆಕ್ಕಪರಿಶೋಧಕರ ನೇಮಕ ಎಲ್ಲ ಇದರಲ್ಲೇ ಬರುತ್ತದೆ. 169ನೇ ಕಲಂ ಪ್ರಕಾರ ನಿರ್ದೇಶಕರನ್ನು ತೆಗೆಯುವುದಕ್ಕೂ ಸಾಮಾನ್ಯ ನಿರ್ಣಯ ಸಾಕು. ಹಾಗಾಗಿ 49ರವರು ಕೂರಿಸಿದ ನಿರ್ದೇಶಕರನ್ನು 51ರವರು ಎಬ್ಬಿಸಬಹುದು. ಇದಕ್ಕೆ ಎರಡು ಬೀಗ ಬೇಕು. ಒಂದು, ಪರಸ್ಪರರ ನಿರ್ದೇಶಕರನ್ನು ತೆಗೆಯುವ ಪರ ಮತ ಹಾಕುವುದಿಲ್ಲ ಎಂಬ ಕರಾರು. ಇನ್ನೊಂದು, ಆ ನಿರ್ದೇಶಕರಲ್ಲಿ ಒಬ್ಬರಾದರೂ ಇಲ್ಲದೆ ಕೋರಂ ಇಲ್ಲ ಎಂಬ ಆರ್ಟಿಕಲ್.

ಕೋರಂ ಬೀಗದಲ್ಲೂ ಒಂದು ಕಿಂಡಿ ಉಂಟು. ಷೇರುದಾರರ ಸಭೆ ಕೋರಂ ಇಲ್ಲದೆ ಮುಂದಕ್ಕೆ ಹೋದರೆ, ಮುಂದಿನ ವಾರ ಬಂದಷ್ಟು ಜನರೇ ಕೋರಂ ಎಂದು ಕಾಯ್ದೆ ಹೇಳುತ್ತದೆ. ಮುಂದೂಡಿದ ಸಭೆಯಲ್ಲಿ ತಡೆಹಕ್ಕಿನ ವಿಷಯಗಳನ್ನು ಎತ್ತಿಕೊಳ್ಳುವಂತಿಲ್ಲ ಎಂದು ಬರೆದರೆ ಮಾತ್ರ ಆ ಕಿಂಡಿ ಮುಚ್ಚುತ್ತದೆ.

74:26ರ ಬಗ್ಗೆ ಇರುವ ನಂಬಿಕೆ ಹಳೆಯದು: ವಿಶೇಷ ನಿರ್ಣಯಕ್ಕೆ ಮುಕ್ಕಾಲು ಮತ ಬೇಕು, ಆದ್ದರಿಂದ 26 ಇದ್ದರೆ ತಡೆಯಬಹುದು, ಅಷ್ಟು ಸಾಕು. ಅರ್ಧ ನಿಜ. ಆರ್ಟಿಕಲ್ಸ್ ತಿದ್ದುಪಡಿ, ಬಂಡವಾಳ ಇಳಿಸುವುದು ಮುಂತಾದವನ್ನು 26ರವರು ತಡೆಯಬಹುದು. ಆದರೆ ಎರಡು ದೊಡ್ಡ ವಿಷಯ ಅವರ ಕೈಗೆ ಸಿಗುವುದಿಲ್ಲ. ಇಡೀ ಘಟಕವನ್ನು ಮಾರುವುದಕ್ಕೂ ಮಿತಿ ಮೀರಿ ಸಾಲ ಎತ್ತುವುದಕ್ಕೂ ವಿಶೇಷ ನಿರ್ಣಯ ಬೇಕೆನ್ನುವ 180ನೇ ಕಲಮಿನಿಂದ ಪ್ರೈವೇಟ್ ಕಂಪನಿಗಳಿಗೆ 2015ರಲ್ಲಿ ವಿನಾಯಿತಿ ಸಿಕ್ಕಿದೆ. ಇನ್ನೊಂದು, ಇರುವ ಷೇರುದಾರರಿಗೇ ಹೊಸ ಷೇರು ಕೊಡುವ ರೈಟ್ಸ್ ಇಶ್ಯೂ. ಅದಕ್ಕೆ ಬೋರ್ಡ್ ತೀರ್ಮಾನ ಸಾಕು. ದುಡ್ಡಿರುವ 74ರವರು ರೈಟ್ಸ್ ಇಶ್ಯೂ ಮೇಲೆ ರೈಟ್ಸ್ ಇಶ್ಯೂ ಮಾಡಿ 26 ಅನ್ನು 24ಕ್ಕೆ ಇಳಿಸಿದರೆ, ವಿಶೇಷ ನಿರ್ಣಯ ತಡೆಯುವ ಶಕ್ತಿಯೂ ಹೋಯಿತು. ಸಣ್ಣ ಪಾಲಿನವರ ರಕ್ಷಣೆ ಕಾಯ್ದೆಯಲ್ಲಿ ತಾನಾಗಿ ಇಲ್ಲ, ಕರಾರಿನ ತಡೆಹಕ್ಕಿನ ಪಟ್ಟಿಯಲ್ಲಿ ಬರೆದುಕೊಂಡರೆ ಉಂಟು.

ಆ ಪಟ್ಟಿ ಚಿಕ್ಕದಾಗಿರಲಿ. ನಲವತ್ತು ಬಾಬ್ತು ಬರೆದರೆ ಗೋಣಿಚೀಲ ಕೊಳ್ಳುವುದಕ್ಕೂ ಕಗ್ಗಂಟಾಗುತ್ತದೆ. ಹೊಸ ಷೇರು, ಗೊತ್ತುಮಾಡಿದ ಮೊತ್ತ ಮೀರಿದ ಸಾಲ, ಘಟಕದ ಮಾರಾಟ, ವಾರ್ಷಿಕ ಬಜೆಟ್, ಮುಖ್ಯಾಧಿಕಾರಿಯ ನೇಮಕ, ಮತ್ತು ಇಬ್ಬರಲ್ಲಿ ಯಾರೊಂದಿಗಾದರೂ ಕಂಪನಿ ಮಾಡುವ ವ್ಯವಹಾರ, ಇಷ್ಟಿದ್ದರೆ ಸಾಕು.

ಕೊನೆಯದೇ ಕಾಫಿ ಘಟಕದಲ್ಲಿ ಎಲ್ಲಕ್ಕಿಂತ ಸೂಕ್ಷ್ಮ. ತೋಟದವರು ಚೆರಿಯನ್ನು ಕಂಪನಿಗೆ ಮಾರುತ್ತಾರೆ, ಆ ಹಣ ಅವರಿಗೆ ಕೃಷಿ ಆದಾಯ. ಕಂಪನಿ ತಾನೇ ಬೆಳೆಯದ್ದರಿಂದ ಅದರ ಲಾಭವೆಲ್ಲ ವ್ಯಾಪಾರದ ಆದಾಯ, ಪೂರ್ತಿ ತೆರಿಗೆ. ಚೆರಿಯ ದರ ಏರಿದಷ್ಟೂ ತೋಟದವರಿಗೆ ಎರಡು ಬಗೆಯಲ್ಲಿ ಲಾಭ, ಇಳಿದಷ್ಟೂ ಬೆಂಗಳೂರಿನವರಿಗೆ ಲಾಭ. ‘ಮಾರುಕಟ್ಟೆ ದರ’ ಎಂದಷ್ಟೇ ಬರೆದರೆ ಪ್ರತಿ ಫೆಬ್ರವರಿಯಲ್ಲೂ ಜಗಳ. ಯಾವ ದಿನದ, ಯಾವ ಪ್ರಕಟಿತ ದರ, 50 ಕಿಲೋ ಚೀಲಕ್ಕೆ ಔಟ್‌ಟರ್ನ್ ಲೆಕ್ಕ ಹೇಗೆ, ಮಾದರಿ ತೆಗೆಯುವವರು ಯಾರು, ತೇವಾಂಶ ಹೆಚ್ಚಿದ್ದರೆ ಎಷ್ಟು ಕಡಿತ, ಇಷ್ಟನ್ನೂ ಸರಬರಾಜು ಕರಾರಿನಲ್ಲಿ ಸೂತ್ರವಾಗಿ ಬರೆಯಬೇಕು. 50 ಕಿಲೋ ಒಣ ಚೆರಿಯಿಂದ 28 ಕಿಲೋ ಬೀಜವೋ 26 ಕಿಲೋ ಬೀಜವೋ ಎನ್ನುವುದರಲ್ಲೇ ಶೇ 7ರಷ್ಟು ದರ ಅಡಗಿದೆ. ಈ ಕರಾರನ್ನು ತಿದ್ದುವಾಗ ಅಥವಾ ಅದರಡಿ ಹಣ ವಸೂಲಿ ಮಾಡುವಾಗ ತೋಟದವರ ನಿರ್ದೇಶಕರು ಮತ ಹಾಕುವಂತಿಲ್ಲ ಎಂದೂ ಬರೆಯಿರಿ. ಪ್ರೈವೇಟ್ ಕಂಪನಿಯಲ್ಲಿ ಹಿತಾಸಕ್ತಿ ಇದೆ ಎಂದು ತಿಳಿಸಿದ ನಿರ್ದೇಶಕರು ಸಭೆಯಲ್ಲಿ ಭಾಗವಹಿಸಬಹುದು, ಕಾಯ್ದೆ ತಾನಾಗಿ ತಡೆಯುವುದಿಲ್ಲ. ಬೆಂಗಳೂರಿನವರು ಕಂಪನಿಯಿಂದ ಕೊಳ್ಳುವ ಹುರಿದ ಕಾಫಿಗೂ ಇದೇ ನಿಯಮ ತಿರುಗಿಸಿ ಅನ್ವಯಿಸಲಿ.

ಕಗ್ಗಂಟು: ರೂಲೆಟ್ ಷರತ್ತು ಯಾರಿಗೆ ಅನುಕೂಲ?

ಬಜೆಟ್ ಒಪ್ಪಿಗೆಯಾಗಲಿಲ್ಲ. ಎರಡು ಸಭೆಯಲ್ಲೂ ಮತ ಸಮ. ಮೊದಲ ಹಂತಗಳ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ: ಎರಡೂ ಕಡೆಯ ಹಿರಿಯರು ಕೂತು ಮಾತಾಡುವುದು, ದರ ಅಥವಾ ಗುಣಮಟ್ಟದ ತಕರಾರಾದರೆ ಮೊದಲೇ ಹೆಸರಿಸಿದ ತಜ್ಞರಿಗೆ ಒಪ್ಪಿಸುವುದು, ಅಲ್ಲಿಯವರೆಗೆ ಹಿಂದಿನ ವರ್ಷದ ಬಜೆಟ್ಟಿನಲ್ಲೇ ಘಟಕ ನಡೆಸುವುದು. ಗಡುವು ಮಾತ್ರ ಕಾಲಕ್ಕೆ ತಕ್ಕಂತೆ ಇರಲಿ. ಮಳೆಗಾಲದಲ್ಲಿ 30 ದಿನ ತೆಗೆದುಕೊಂಡರೂ ನಷ್ಟವಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನಿಂತರೆ ಹಣ್ಣು ಕೊಳೆಯುತ್ತದೆ, ಅಲ್ಲಿ ತಜ್ಞರ ತಾತ್ಕಾಲಿಕ ತೀರ್ಪು 3 ದಿನದಲ್ಲಿ ಬರಬೇಕು, ಲೆಕ್ಕಾಚಾರ ಆಮೇಲೆ.

ಹೋಲಿಸಬೇಕಾದದ್ದು ಕೊನೆಯ ಹಂತವನ್ನು. ಇಬ್ಬರೂ ಸೇರಿ ನೇಮಿಸಿದ ಸ್ವತಂತ್ರ ನಿರ್ದೇಶಕರ ಮತಕ್ಕೆ ಬಿಡುವುದು ಒಂದು ದಾರಿ. ದಿನನಿತ್ಯದ ವಿಷಯಕ್ಕೆ ಅದು ಚೆನ್ನ. ಆದರೆ ಇಬ್ಬರ ಗುರಿಯೇ ಬೇರೆಯಾದಾಗ ಮೂರನೆಯವರ ಒಂದು ಮತ ಉದ್ಯಮವನ್ನು ಒಗ್ಗೂಡಿಸಲಾರದು. ಆಗ ಉಳಿಯುವುದು ಒಬ್ಬರು ಇನ್ನೊಬ್ಬರನ್ನು ಕೊಳ್ಳುವ ದಾರಿ. ಬಹಳ ಕರಾರುಗಳಲ್ಲಿ ಇರುವುದು ರಷ್ಯನ್ ರೂಲೆಟ್ ಎಂಬ ಷರತ್ತು: ಒಬ್ಬರು ಬೆಲೆ ಹೇಳುತ್ತಾರೆ, ಇನ್ನೊಬ್ಬರು ಆ ಬೆಲೆಗೆ ಕೊಳ್ಳಬೇಕು ಇಲ್ಲವೇ ಮಾರಬೇಕು. ಕೊಡುವುದೋ ಕೊಳ್ಳುವುದೋ ಗೊತ್ತಿಲ್ಲದ್ದರಿಂದ ಬೆಲೆ ಹೇಳುವವರು ನ್ಯಾಯವಾಗಿಯೇ ಹೇಳುತ್ತಾರೆ ಎನ್ನುವುದು ತರ್ಕ.

ನಮ್ಮ ಘಟಕಕ್ಕೆ ಹಚ್ಚಿ ನೋಡಿ. ನಾಲ್ಕು ವರ್ಷದ ನಂತರ ಷೇರುಗಳ ನಿಜವಾದ ಮೌಲ್ಯ 4 ಕೋಟಿ, ಅರ್ಧಕ್ಕೆ 2 ಕೋಟಿ. ಬೆಂಗಳೂರಿನವರು ಜನವರಿಯಲ್ಲಿ ನೋಟಿಸ್ ಕೊಟ್ಟು ಅರ್ಧಕ್ಕೆ 1.3 ಕೋಟಿ ಎನ್ನುತ್ತಾರೆ, ಉತ್ತರಕ್ಕೆ 45 ದಿನ. ಬೆಲೆ ಕಡಿಮೆಯಿದೆಯಲ್ಲ, ತೋಟದವರು ಕೊಂಡುಬಿಡಲಿ ಎನ್ನಬಹುದು. ಕೊಳ್ಳಲು ಎಷ್ಟು ಬೇಕು ಲೆಕ್ಕ ಹಾಕೋಣ. ಷೇರಿಗೆ 1.3 ಕೋಟಿ. ಹೊರಹೋಗುವವರ 1 ಕೋಟಿ ಸಾಲವನ್ನೂ ಅಂದೇ ತೀರಿಸಬೇಕು, ಅಲ್ಲಿಗೆ 2.3 ಕೋಟಿ. ಬ್ಯಾಂಕ್ ಸಾಲಕ್ಕೆ ಇಬ್ಬರೂ ಕೊಟ್ಟ ಜಾಮೀನಿನಲ್ಲಿ ಬೆಂಗಳೂರಿನವರದ್ದು ಹೋದರೆ ಬ್ಯಾಂಕ್ ಬೇರೆ ಭದ್ರತೆ ಕೇಳುತ್ತದೆ. ಅದೇ ಬೆಂಗಳೂರಿನವರು ಕೊಳ್ಳುವುದಾದರೆ 1.3 ಕೋಟಿಗೆ ಮುಗಿಯಿತು. ಬೆಲೆ ಒಂದೇ, ಹೊರೆ ಒಬ್ಬರಿಗೆ 2.3, ಇನ್ನೊಬ್ಬರಿಗೆ 1.3. ಬಂಡವಾಳದ ಮೂರನೇ ದಾರಿಗೆ ಒಂದು ಬೆಲೆಯಿದೆ ಎಂದದ್ದು ಇದನ್ನೇ. ಕೊಯ್ಲಿನ ನಡುವೆ ತೋಟದವರಿಗೆ ಆ ಹಣ ಹೊಂದುವುದಿಲ್ಲ, 2 ಕೋಟಿಯ ಪಾಲನ್ನು 1.3ಕ್ಕೆ ಕೊಟ್ಟು 70 ಲಕ್ಷ ಕಳೆದುಕೊಳ್ಳುತ್ತಾರೆ.

ಮೊಹರು ಮಾಡಿದ ಲಕೋಟೆಯಲ್ಲಿ ಇಬ್ಬರೂ ಬೆಲೆ ಬರೆದು, ಹೆಚ್ಚು ಬರೆದವರು ಕೊಳ್ಳುವ ಕ್ರಮವೂ ಇದೆ. ಇದರಲ್ಲಿ ಬೆಲೆ ಮೇಲಕ್ಕೆ ಹೋಗುತ್ತದೆ, ಮಾರುವವರಿಗೆ ಒಳ್ಳೆಯದು. ಆದರೆ ಘಟಕ ದುಡ್ಡಿದ್ದವರ ಪಾಲಿಗೆ ಹೋಗುವುದು ಅಲ್ಲೂ ತಪ್ಪದು.

ಇಬ್ಬರ ಜೇಬೂ ಸಮವಾಗಿದ್ದರೆ, ಇಬ್ಬರಿಗೂ ಘಟಕ ನಡೆಸುವ ಸಾಮರ್ಥ್ಯ ಇದ್ದರೆ ರೂಲೆಟ್ ಇಟ್ಟುಕೊಳ್ಳಿ, ಅದರಷ್ಟು ಬೇಗ ಮುಗಿಯುವ ದಾರಿ ಇನ್ನೊಂದಿಲ್ಲ. ನಮ್ಮ ಉದಾಹರಣೆಯಂಥ ಜೋಡಿಗೆ ಅದು ಬೇಡ. ಇಲ್ಲಿ ಹೊಂದುವುದು ಮೌಲ್ಯಮಾಪಕರು ಕಟ್ಟಿದ ಬೆಲೆಗೆ ಕೊಳ್ಳುವ ಹಕ್ಕು. ನೋಂದಾಯಿತ ಮೌಲ್ಯಮಾಪಕರು 45 ದಿನದಲ್ಲಿ ಬೆಲೆ ಕಟ್ಟುತ್ತಾರೆ. ಜಾಗದ ಒಡೆತನ ಇರುವ ತೋಟದವರಿಗೆ ಕೊಳ್ಳುವ ಮೊದಲ ಅವಕಾಶ, 120 ದಿನ. ಬೆಲೆಯ ಶೇ 30 ಆಗಲೇ, ಉಳಿದದ್ದು ಎರಡು ಕೊಯ್ಲಿನ ಏಪ್ರಿಲ್ ಕೊನೆಯಲ್ಲಿ ಎರಡು ಕಂತಾಗಿ, ಬಾಕಿ ತೀರುವವರೆಗೆ ಷೇರು ಅಡವು. ಅವರು ಬೇಡವೆಂದರೆ ಬೆಂಗಳೂರಿನವರು ಅದೇ ಬೆಲೆಗೆ ಕೊಳ್ಳುತ್ತಾರೆ. ಮೊದಲ ಮೂರು ವರ್ಷ ಮತ್ತು ಪ್ರತಿ ವರ್ಷ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಯಾರೂ ನೋಟಿಸ್ ಕೊಡುವಂತಿಲ್ಲ. ಮೌಲ್ಯ ಕಟ್ಟುವಾಗ ಅಲ್ಪಪಾಲು ಎಂದು ಕಡಿತ ಮಾಡಬಾರದು, ದಾಸ್ತಾನಿನ ಕಾಫಿಗೆ ಯಾವ ದಿನದ ದರ ಎನ್ನುವುದನ್ನೂ ಗೊತ್ತು ಮಾಡಬೇಕು. ಇವೆರಡನ್ನು ಬರೆಯದಿದ್ದರೆ ಮೌಲ್ಯಮಾಪನವೇ ಹೊಸ ಜಗಳವಾಗುತ್ತದೆ. ನ್ಯಾಯಯುತ ಮೌಲ್ಯಕ್ಕಿಂತ ತೀರಾ ಕಡಿಮೆಗೆ ಷೇರು ಕೈಬದಲಾದರೆ ಆ ವ್ಯತ್ಯಾಸದ ಮೇಲೆ ಆದಾಯ ತೆರಿಗೆ ಬೀಳುತ್ತದೆ.

ಏನೂ ಬರೆದಿಟ್ಟುಕೊಳ್ಳದವರಿಗೆ ಉಳಿಯುವುದು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ. ಶೇ 10 ಷೇರಿದ್ದವರು ದಬ್ಬಾಳಿಕೆ, ದುರಾಡಳಿತದ ದೂರು ಕೊಡಬಹುದು. ಅಲ್ಲಿ ಪ್ರಕರಣ ನಡೆಯುತ್ತಿರುವಾಗ ಕೊಯ್ಲುಗಳು ಬಂದು ಹೋಗುತ್ತಿರುತ್ತವೆ.

ಹೊರಬರುವಾಗ

ಮೂರನೆಯವರಿಗೆ ಮಾರುವ ಬಗ್ಗೆ ಎರಡು ಬಗೆಯ ಆದ್ಯತೆಯ ಹಕ್ಕುಗಳಿವೆ. ಒಂದರಲ್ಲಿ, ಹೊರಗಿನವರ ಬೆಲೆ ಬಂದ ಮೇಲೆ ಅದೇ ಬೆಲೆಗೆ ಕೊಳ್ಳುವ ಹಕ್ಕು ಉಳಿದವರಿಗೆ. ಇನ್ನೊಂದರಲ್ಲಿ, ಹೊರಗೆ ಹೋಗುವ ಮೊದಲೇ ಉಳಿದವರ ಬೆಲೆ ಕೇಳಿ, ಅದಕ್ಕಿಂತ ಹೆಚ್ಚು ಕೊಡುವವರಿಗೆ ಮಾತ್ರ ಮಾರುವುದು. ಮೊದಲನೆಯದು ಉಳಿಯುವವರಿಗೆ ಹಿತ, ಆದರೆ ತಾನು ಮಾತಾಡಿ ತಂದ ಬೆಲೆ ಬೇರೆಯವರ ಪಾಲಾಗುತ್ತದೆ ಎಂದು ತಿಳಿದ ಹೊರಗಿನ ಕೊಳ್ಳುಗರು ಹತ್ತಿರ ಬರುವುದಿಲ್ಲ. ಹಾಗಾಗಿ ಮುಂದೆ ದೊಡ್ಡ ಕಂಪನಿಗೆ ಮಾರುವ ಆಸೆ ಇದ್ದವರು ಎರಡನೆಯದನ್ನು ಆರಿಸಿಕೊಳ್ಳಲಿ. ಬೆಂಗಳೂರಿನವರು ಹೊರಗಿನವರಿಗೆ ಮಾರಿದರೆ ಅದೇ ಬೆಲೆಗೆ ತಮ್ಮ ಷೇರನ್ನೂ ಸೇರಿಸಿ ಮಾರುವ ಹಕ್ಕನ್ನು ತೋಟದವರು ಮರೆಯದೆ ಕೇಳಬೇಕು.

ಈ ನಿರ್ಬಂಧಗಳೆಲ್ಲ ಕರಾರಿನಲ್ಲಿದ್ದರೆ ಸಾಲದು, ಆರ್ಟಿಕಲ್ಸ್‌ನಲ್ಲೂ ಬರಬೇಕು. ಆರ್ಟಿಕಲ್ಸ್‌ನಲ್ಲಿ ಇಲ್ಲದ ನಿರ್ಬಂಧ ಕಂಪನಿಯನ್ನು ಕಟ್ಟಿಹಾಕದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಈಗಿನ ಕಾಯ್ದೆಯ 58ನೇ ಕಲಂ ಪಬ್ಲಿಕ್ ಕಂಪನಿಗಳ ಷೇರು ವರ್ಗಾವಣೆಯ ಕರಾರಿಗೆ ಕರಾರಿನ ಬಲ ಕೊಟ್ಟಿದೆಯಾದರೂ, ಪ್ರೈವೇಟ್ ಕಂಪನಿಯೇ ವರ್ಗಾವಣೆಯನ್ನು ನಿರಾಕರಿಸಬೇಕಾದರೆ ಆರ್ಟಿಕಲ್ಸ್ ಬೇಕು. ಸಹಿಯಾದ ದಿನವೇ ಆರ್ಟಿಕಲ್ಸ್ ತಿದ್ದುಪಡಿಯೂ ಆಗುವಂತೆ ನೋಡಿಕೊಳ್ಳಿ.

ಇನ್ನುಳಿದದ್ದು ಷೇರು ಕೈಬದಲಾದ ಮರುದಿನದ ಸಂಗತಿ. ಬೆಂಗಳೂರಿನವರು ಕೊಂಡರೆ ಗುತ್ತಿಗೆ ಮುಂದುವರಿಯುತ್ತದೆಯೇ, ಎಷ್ಟು ವರ್ಷ, ಯಾವ ಬಾಡಿಗೆಗೆ? ಮೂರು ಕೊಯ್ಲಿನಷ್ಟು ಕಾಲ ಮುಂದುವರಿದು ಆಮೇಲೆ ಯಂತ್ರ ಬಿಚ್ಚಿಕೊಂಡು ಜಾಗ ಬಿಡುವುದು ಎಂದರೆ ಇಬ್ಬರಿಗೂ ಉಸಿರಾಡಲು ಸಮಯ ಸಿಗುತ್ತದೆ. ಬ್ರ್ಯಾಂಡ್‌ನಲ್ಲಿ ತೋಟದ ಹೆಸರಿದ್ದರೆ ಅದು ಪರವಾನಗಿಯ ಮೇಲೆ ಕೊಟ್ಟದ್ದು, ಹೊರಬಂದ 6 ತಿಂಗಳಲ್ಲಿ ನಿಲ್ಲುತ್ತದೆ ಎಂದು ಬರೆಯಿರಿ. ‘ಕೂರ್ಗ್ ಅರೇಬಿಕಾ ಕಾಫಿ’ ಭೌಗೋಳಿಕ ಗುರುತಾಗಿ 2019ರಲ್ಲಿ ನೋಂದಣಿಯಾಗಿದೆ, ಅದು ಇಬ್ಬರಲ್ಲಿ ಯಾರ ಸ್ವತ್ತೂ ಅಲ್ಲ. ಹೊರಹೋದವರು ಇನ್ನು ಈ ವ್ಯಾಪಾರವನ್ನೇ ಮಾಡಬಾರದು ಎಂಬ ಷರತ್ತು ಕರಾರು ಕಾಯ್ದೆಯ 27ನೇ ಕಲಮಿನಡಿ ನಿಲ್ಲುವುದಿಲ್ಲ. ಗುಡ್‌ವಿಲ್ ಮಾರಿದ್ದಾಗ, ಪ್ರದೇಶ ಮತ್ತು ಅವಧಿ ಮಿತವಾಗಿದ್ದರೆ ಮಾತ್ರ ಅದಕ್ಕೆ ಬಲ. ಆದ್ದರಿಂದ ಷೇರು ಮಾರಾಟದ ಪತ್ರದಲ್ಲಿ ಗುಡ್‌ವಿಲ್‌ಗೆ ಎಂದು ಪ್ರತ್ಯೇಕ ಮೊತ್ತ ತೋರಿಸಿ.

ಬ್ಯಾಂಕ್ ಜಾಮೀನಿನ ಬಗ್ಗೆ ಸಡಿಲ ಬಿಡಬೇಡಿ. ಷೇರು ಮಾರಿದ ಮಾತ್ರಕ್ಕೆ ಜಾಮೀನು ಬಿಡುಗಡೆಯಾಗುವುದಿಲ್ಲ, ಅದು ನಿಮ್ಮ ಮತ್ತು ಬ್ಯಾಂಕಿನ ನಡುವಿನ ಕರಾರು. ‘ಬಿಡುಗಡೆ ಮಾಡಿಸಲು ಪ್ರಯತ್ನಿಸುತ್ತೇವೆ’ ಎಂಬ ಮಾತು ಸಾಲದು. ಬ್ಯಾಂಕಿನ ಬಿಡುಗಡೆ ಪತ್ರ ಕೈಗೆ ಬಂದ ದಿನವೇ ಷೇರು ವರ್ಗಾವಣೆ ಎಂದಿರಲಿ. ಬ್ಯಾಂಕ್ ಒಪ್ಪದಿದ್ದರೆ, ಜಾಮೀನಿನ ಮೊತ್ತಕ್ಕೆ ಸಮನಾದ ಠೇವಣಿಯನ್ನು ಕೊಳ್ಳುವವರು ಹೊರಹೋಗುವವರ ಪರವಾಗಿ ಅಡವಿಟ್ಟು, ಸಾಲ ತೀರಿದಂತೆ ಅದನ್ನು ಕಂತಿನಲ್ಲಿ ಬಿಡಿಸಿಕೊಳ್ಳಲಿ.